ಸಕ್ಕರೆ ನೀರಿನಲ್ಲೂ ಎಲ್‌ಇಡಿ ಮಂಕಾಗಿ ಉರಿಯುತ್ತಿದೆ, ಪುಸ್ತಕದಲ್ಲಿ ಉರಿಯಲ್ಲ ಅಂತ ಇದೆ. ಎಲ್ಲಿ ತಪ್ಪಾಗುತ್ತಿದೆ?

ಚಿಂತಾಮಣಿ_ಅಮ್ಮ (ಶನಿವಾರ, ಸಂಜೆ 6:10)

ಎಲ್ಲರಿಗೂ ನಮಸ್ಕಾರ. ಮಗಳು 8ನೇ ಕ್ಲಾಸು. ಉಪ್ಪು ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಸಕ್ಕರೆ ನೀರಿನಲ್ಲಿ ಹರಿಯಲ್ಲ ಅಂತ ಅವಳು ಸೋಮವಾರ ಶಾಲೆಯಲ್ಲಿ ಮಾಡಿ ತೋರಿಸಬೇಕು. ಇವತ್ತು ಮನೆಯಲ್ಲೇ ಒಮ್ಮೆ ಮಾಡಿ ನೋಡೋಣ ಅಂತ ಕೂತೆವು.

9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ತುದಿ ಸುಲಿದ ಎರಡು ತಾಮ್ರದ ವೈರು. ಎರಡು ಸ್ಟೀಲ್ ಲೋಟಗಳಲ್ಲಿ ನೀರು. ಒಂದಕ್ಕೆ ಒಂದು ಚಮಚ ಉಪ್ಪು, ಇನ್ನೊಂದಕ್ಕೆ ಒಂದು ಚಮಚ ಸಕ್ಕರೆ. ಉಪ್ಪು ನೀರಿನಲ್ಲಿ ಎಲ್‌ಇಡಿ ಜೋರಾಗಿ ಉರಿಯಿತು. ಸಕ್ಕರೆ ನೀರಿನಲ್ಲೂ ಉರಿಯಿತು! ಮಂಕಾಗಿ, ಆದರೆ ಚೆನ್ನಾಗಿ ಕಾಣುವ ಹಾಗೆ. ಸಕ್ಕರೆ ಇನ್ನೂ ಮೂರು ಚಮಚ ಹಾಕಿದರೂ ಬೆಳಕು ಏನೂ ಜಾಸ್ತಿ ಆಗಲಿಲ್ಲ.

ಮಗಳು ಇನ್ನೊಂದು ಪ್ರಶ್ನೆ ಕೇಳಿದಳು, ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಮ್ಮಾ, ಎರಡೂ ಬಿಳಿ ಹರಳು, ಎರಡೂ ಕಾಣದ ಹಾಗೆ ಕರಗಿ ಹೋಗುತ್ತವೆ. ಹಾಗಿದ್ದ ಮೇಲೆ ಒಂದರಲ್ಲಿ ಮಾತ್ರ ಯಾಕೆ ಕರೆಂಟ್ ಹೋಗಬೇಕು?" ಯಾರಾದರೂ ಅವಳಿಗೆ ಅರ್ಥ ಆಗುವ ಹಾಗೆ ಹೇಳುತ್ತೀರಾ?

ವೈರ್‌ಮನ್_ತುಮಕೂರು (6:32)

ಅಕ್ಕಾ, ಮೊದಲು ಆ ಸ್ಟೀಲ್ ಲೋಟ ಬಿಡಿ. ವೈರಿನ ತುದಿ ಎರಡೂ ಲೋಟಕ್ಕೆ ತಾಗಿದರೆ ಕರೆಂಟ್ ನೀರಿಗೆ ಇಳಿಯುವುದೇ ಬೇಡ, ಲೋಟದಲ್ಲೇ ಹೋಗಿಬಿಡುತ್ತೆ. ಗಾಜಿನ ಲೋಟವೋ ಪ್ಲಾಸ್ಟಿಕ್ ಡಬ್ಬಿಯೋ ತಗೊಳ್ಳಿ.

ಇನ್ನು ಮಗು ಕೇಳಿದ್ದಕ್ಕೆ ಉತ್ತರ ಸುಲಭ. ಉಪ್ಪಿನಲ್ಲಿ ಸೋಡಿಯಂ ಇದೆ, ಸೋಡಿಯಂ ಅಂದರೆ ಲೋಹ. ಲೋಹ ಇದ್ದ ಕಡೆ ಕರೆಂಟ್ ಹರಿಯುತ್ತೆ. ಸಕ್ಕರೆಯಲ್ಲಿ ಲೋಹ ಇಲ್ಲ, ಅದಕ್ಕೇ ಹರಿಯಲ್ಲ. ಅಷ್ಟೇ.

ಶುದ್ಧನೀರು_ಹೊಸಕೋಟೆ (6:50)

ಮೇಡಂ, ಬರೀ ನೀರಿನಲ್ಲೇ ಎಲ್‌ಇಡಿ ಉರಿಯುತ್ತಿದೆ ಅಂದರೆ ನಿಮ್ಮ ನೀರಿನ ಟಿಡಿಎಸ್ ಜಾಸ್ತಿ ಇದೆ. ಚಿಂತಾಮಣಿ ಕಡೆ ಬೋರ್ ನೀರು ಗಡಸು. ಕುಡಿಯುವುದಕ್ಕೆ ಆರ್‌ಒ ಹಾಕಿಸಿಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಬೋರ್ ನೀರು ಮೀಟರಿನಲ್ಲಿ 640 ತೋರಿಸುತ್ತಿತ್ತು, ಆರ್‌ಒ ಆದ ಮೇಲೆ 40.

ಚಿಂತಾಮಣಿ_ಅಮ್ಮ (7:05)

ಸರ್, ನಾನು ಕುಡಿಯುವ ನೀರಿನ ಬಗ್ಗೆ ಕೇಳಿದ್ದಲ್ಲ, ಪ್ರಯೋಗದ ಬಗ್ಗೆ. ಆದರೆ ನೀವು ಹೇಳಿದ ಮೇಲೆ ಹೊಳೆಯಿತು. ಬರೀ ನೀರಿಗೆ ವೈರು ಇಳಿಸಿ ನಾವು ನೋಡೇ ಇರಲಿಲ್ಲ. ಈಗ ನೋಡುತ್ತೇವೆ.

ಚಿಂತಾಮಣಿ_ಅಮ್ಮ (7:40)

ನೋಡಿದೆವು. ಗಾಜಿನ ಲೋಟ, ವೈರು ಎಲ್ಲೂ ತಾಗದ ಹಾಗೆ ರಟ್ಟಿನಲ್ಲಿ ಎರಡು ತೂತು ಮಾಡಿ ಇಳಿಬಿಟ್ಟೆವು. ಬರೀ ಬೋರ್ ನೀರು: ಮಂಕಾದ ಬೆಳಕು. ಅದಕ್ಕೇ ಸಕ್ಕರೆ ಹಾಕಿದಾಗ: ಅದೇ ಮಂಕಾದ ಬೆಳಕು. ಹಾಗಾದರೆ ಸಕ್ಕರೆ ಏನೂ ಮಾಡುತ್ತಿಲ್ಲ, ನಮ್ಮ ನೀರೇ ಮಾಡುತ್ತಿದೆ. ಆರ್‌ಒ ಸರ್‌ಗೆ ಥ್ಯಾಂಕ್ಸ್.

ನಿವೃತ್ತ_ಮೇಷ್ಟ್ರು (8:15)

ಅಮ್ಮ ಮಗಳು ಸೇರಿ ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಬರೀ ನೀರನ್ನು ಮೊದಲು ನೋಡಿಕೊಳ್ಳದೆ ಇದ್ದರೆ ಈ ಪ್ರಯೋಗ ಎಲ್ಲರಿಗೂ ಕೈಕೊಡುತ್ತದೆ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದಾಗ ನಮ್ಮ ಲ್ಯಾಬಿನಲ್ಲೂ ಹೀಗೇ ಆಗಿತ್ತು. ಅವತ್ತು ಡಿಸ್ಟಿಲ್ಡ್ ವಾಟರ್ ಮುಗಿದಿತ್ತು, ನಲ್ಲಿ ನೀರಿನಲ್ಲೇ ಮಾಡಿಸಿದ್ದರು. ಇಡೀ ಕ್ಲಾಸು ಸಕ್ಕರೆ ನೀರಿನಲ್ಲಿ ಕರೆಂಟ್ ಹರಿಯುತ್ತದೆ ಅಂತ ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡಿತ್ತು.

ನಾಳೆ ಹೀಗೆ ಮಾಡಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಒಂದು ಬಾಟಲ್ ತನ್ನಿ. ಪ್ರಯೋಗಕ್ಕೆ ಮಾತ್ರ, ಕುಡಿಯುವುದಕ್ಕಲ್ಲ. ಲೋಟ, ಚಮಚ, ವೈರಿನ ತುದಿ ಎಲ್ಲವನ್ನೂ ಅದೇ ನೀರಿನಲ್ಲಿ ಒಮ್ಮೆ ತೊಳೆಯಿರಿ. ಉಪ್ಪಿನ ಚಮಚವನ್ನೇ ಸಕ್ಕರೆಗೆ ಹಾಕಬೇಡಿ. ಎಲ್‌ಇಡಿ ಬಹಳ ಸೂಕ್ಷ್ಮ. ಮಿಲಿ ಆಂಪಿಯರ್‌ನ ಹತ್ತನೇ ಒಂದು ಭಾಗ ಕರೆಂಟಿಗೂ ಕತ್ತಲೆಯಲ್ಲಿ ಅದರ ಬೆಳಕು ಕಾಣುತ್ತದೆ. ಟಾರ್ಚ್ ಬಲ್ಬಿಗೆ ಇದರ ಸಾವಿರಾರು ಪಟ್ಟು ಬೇಕು. ಅದಕ್ಕೇ ಬಲ್ಬು ಹಾಕಿದವರಿಗೆ ಎಷ್ಟೋ ಸಲ ಉಪ್ಪು ನೀರಿನಲ್ಲೂ ಬೆಳಕು ಬರುವುದಿಲ್ಲ.

ವೈರ್‌ಮನ್ ಅವರೇ, ಲೋಟದ ವಿಷಯ ನೀವು ಹೇಳಿದ್ದು ಸರಿ. ಲೋಹದ ವಿಷಯ ಅರ್ಧ ಸರಿ. ಉಪ್ಪಿನಲ್ಲಿ ಸೋಡಿಯಂ ಇದೆ ನಿಜ, ಆದರೆ ಲೋಹವಾಗಿ ಇಲ್ಲ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ನೋಡಿದ್ದೀರಲ್ಲ? ಅದರಲ್ಲಿ ಲೋಹದ ಸುಳಿವೇ ಇಲ್ಲ, ಇರುವುದು ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್. ಆದರೂ ನವಸಾಗರದ ನೀರಿನಲ್ಲಿ ಕರೆಂಟ್ ಉಪ್ಪು ನೀರಿನಷ್ಟೇ ಚೆನ್ನಾಗಿ ಹರಿಯುತ್ತದೆ. ಹಳೇ ಟಾರ್ಚ್ ಸೆಲ್ಲಿನ ಒಳಗೆ ಕಪ್ಪಗೆ ಮೆತ್ತಗೆ ಇರುತ್ತಿತ್ತಲ್ಲ, ಅದರಲ್ಲಿ ಕೂಡ ಇದೇ ನವಸಾಗರ ಇರುತ್ತಿತ್ತು. ಇನ್ನೊಂದು ಕಡೆಯಿಂದ ನೋಡಿ. ಒಣ ಉಪ್ಪಿನ ರಾಶಿಗೆ ವೈರು ಚುಚ್ಚಿದರೆ ಎಲ್‌ಇಡಿ ಉರಿಯಲ್ಲ. ಸೋಡಿಯಂ ಅಲ್ಲೇ ಇದೆಯಲ್ಲ, ಯಾಕೆ ಉರಿಯಲಿಲ್ಲ?

ವೈರ್‌ಮನ್_ತುಮಕೂರು (8:31)

ನವಸಾಗರ ಗೊತ್ತು ಸರ್, ನಮ್ಮಜ್ಜ ಬಳಸುತ್ತಿದ್ದರು. ಅದರಲ್ಲಿ ಲೋಹ ಇಲ್ಲ ಅಂತ ಗೊತ್ತಿರಲಿಲ್ಲ. ಹಾಗಾದರೆ ಹರಿಯುವುದು ಏನು?

ನಿವೃತ್ತ_ಮೇಷ್ಟ್ರು (9:20)

ಅದೇ ಸರಿಯಾದ ಪ್ರಶ್ನೆ. ಮಗುವಿಗೂ ಅರ್ಥ ಆಗುವ ಹಾಗೆ ನಿಧಾನವಾಗಿ ಬರೆಯುತ್ತೇನೆ.

ಕರೆಂಟ್ ಅಂದರೆ ಚಾರ್ಜು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವುದು. ಹಾಗೆ ಸಾಗುವುದಕ್ಕೆ ಎರಡು ಬೇಕು. ಚಾರ್ಜು ಹೊತ್ತ ಕಣ ಇರಬೇಕು, ಅದು ಓಡಾಡುವ ಹಾಗಿರಬೇಕು. ವೈರಿನಲ್ಲಿ ಆ ಕೆಲಸ ಮಾಡುವುದು ಎಲೆಕ್ಟ್ರಾನ್. ನೀರಿನಲ್ಲಿ ಮಾಡುವುದು ಅಯಾನು.

ಉಪ್ಪಿನ ಹರಳು ಹುಟ್ಟುವಾಗಲೇ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಟ್ಟಿರುತ್ತದೆ. ಕೊಟ್ಟದ್ದರಿಂದ ಸೋಡಿಯಂ ಪ್ಲಸ್ ಆಯಿತು, ತಗೊಂಡಿದ್ದರಿಂದ ಕ್ಲೋರಿನ್ ಮೈನಸ್ ಆಗಿ ಕ್ಲೋರೈಡ್ ಆಯಿತು. ಹೀಗೆ ಚಾರ್ಜು ಹೊತ್ತುಕೊಂಡ ಕಣಕ್ಕೇ ಅಯಾನು ಅನ್ನುವುದು. ಹರಳಿನೊಳಗೆ ಪ್ಲಸ್ಸು ಮೈನಸ್ಸು ಒಂದರ ಪಕ್ಕ ಒಂದು ಸಾಲಾಗಿ, ಬಿಗಿಯಾಗಿ ಕೂತಿರುತ್ತವೆ. ಒಣ ಉಪ್ಪಿನಲ್ಲಿ ಚಾರ್ಜು ಬೇಕಾದಷ್ಟಿದೆ, ಆದರೆ ಒಂದೂ ಜಾಗ ಬಿಟ್ಟು ಅಲ್ಲಾಡುವ ಹಾಗಿಲ್ಲ. ಅದಕ್ಕೇ ಎಲ್‌ಇಡಿ ಉರಿಯಲಿಲ್ಲ. ಅದೇ ಉಪ್ಪನ್ನು 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಿದರೆ ಒಂದು ಹನಿ ನೀರಿಲ್ಲದೆ ಕರೆಂಟ್ ಹರಿಯುತ್ತದೆ, ಯಾಕಂದರೆ ಆಗ ಅಯಾನುಗಳಿಗೆ ಓಡಾಡಲು ಬಿಡುಗಡೆ ಸಿಕ್ಕಿತು.

ನೀರು ಅಷ್ಟು ಬಿಸಿ ಇಲ್ಲದೆಯೇ ಇದೇ ಕೆಲಸ ಮಾಡುತ್ತದೆ. ನೀರಿನ ಒಂದೊಂದು ಅಣುವಿಗೂ ಆಕ್ಸಿಜನ್ ಇರುವ ಕಡೆ ಸ್ವಲ್ಪ ಮೈನಸ್, ಹೈಡ್ರೋಜನ್ ಇರುವ ಕಡೆ ಸ್ವಲ್ಪ ಪ್ಲಸ್. ಹರಳಿನ ಅಂಚಿನಲ್ಲಿರುವ ಸೋಡಿಯಂ ಸುತ್ತ ನೀರಿನ ಅಣುಗಳು ತಮ್ಮ ಆಕ್ಸಿಜನ್ ಕಡೆ ತಿರುಗಿಸಿ ಮುತ್ತಿಕೊಳ್ಳುತ್ತವೆ. ಕ್ಲೋರೈಡ್ ಸುತ್ತ ಹೈಡ್ರೋಜನ್ ಕಡೆ ತಿರುಗಿಸಿ ಮುತ್ತುತ್ತವೆ. ಬೆಲ್ಲದ ಅಚ್ಚಿಗೆ ಇರುವೆ ಮುತ್ತಿ ಒಂದೊಂದೇ ಚೂರು ಹೊತ್ತುಕೊಂಡು ಹೋಗುವುದನ್ನು ಮಗಳು ನೋಡಿರುತ್ತಾಳೆ, ಅಲ್ವಾ? ಹಾಗೆಯೇ ಒಂದೊಂದೇ ಅಯಾನು ಹರಳಿನಿಂದ ಬಿಟ್ಟು ಬರುತ್ತದೆ. ಬಂದ ಮೇಲೆ ಸೋಡಿಯಂ ಬೇರೆ, ಕ್ಲೋರೈಡ್ ಬೇರೆ, ಎರಡೂ ಅವುಗಳ ಪಾಡಿಗೆ ನೀರಿನಲ್ಲಿ ತಿರುಗಾಡುತ್ತವೆ. ವೈರು ಇಳಿಸಿದಾಗ ಪ್ಲಸ್ ಅಯಾನು ಮೈನಸ್ ವೈರಿನ ಕಡೆ, ಮೈನಸ್ ಅಯಾನು ಪ್ಲಸ್ ವೈರಿನ ಕಡೆ ಸರಿಯುತ್ತವೆ. ನೀರಿನೊಳಗಿನ ಕರೆಂಟ್ ಅಂದರೆ ಇದೇ.

ಈಗ ಸಕ್ಕರೆ. ಒಂದು ಸಕ್ಕರೆ ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್ ಇವೆ, ಒಟ್ಟು 45 ಪರಮಾಣು. ಇಲ್ಲಿ ಯಾರೂ ಯಾರಿಗೂ ಎಲೆಕ್ಟ್ರಾನ್ ಪೂರ್ತಿ ಕೊಟ್ಟಿಲ್ಲ, ಅಕ್ಕಪಕ್ಕದವರು ಹಂಚಿಕೊಂಡು ಒಂದೇ ಗಂಟಾಗಿದ್ದಾರೆ. ನೀರು ಸಕ್ಕರೆಯನ್ನೂ ಮುತ್ತುತ್ತದೆ, ಹರಳಿನಿಂದ ಬಿಡಿಸುತ್ತದೆ. ಆದರೆ ಬಿಟ್ಟು ಬರುವುದು ಇಡೀ ಗಂಟು. ಆ ಗಂಟಿನ ಒಟ್ಟು ಚಾರ್ಜು ಸೊನ್ನೆ. ಪ್ಲಸ್ ವೈರೂ ಅದನ್ನು ಎಳೆಯಲ್ಲ, ಮೈನಸ್ ವೈರೂ ಎಳೆಯಲ್ಲ. ಲೋಟದ ತುಂಬ ಸಕ್ಕರೆ ಕರಗಿಸಿದರೂ ಚಾರ್ಜು ಹೊರುವ ಕಣ ಒಂದೂ ಹೆಚ್ಚಾಗಲಿಲ್ಲ. ನೀವು ಮೂರು ಚಮಚ ಹಾಕಿದರೂ ಬೆಳಕು ಹಾಗೇ ಇದ್ದದ್ದು ಅದಕ್ಕೇ.

ಅಂದರೆ ಎರಡೂ ಕರಗುತ್ತವೆ ನಿಜ, ಆದರೆ ಎರಡೂ ಕರಗುವ ರೀತಿ ಬೇರೆ. ನಮ್ಮ ಕಣ್ಣಿಗೆ ಆ ವ್ಯತ್ಯಾಸ ಕಾಣಲ್ಲ, ಬ್ಯಾಟರಿಗೆ ಕಾಣುತ್ತದೆ.

ಪಿಯುಸಿ_ಹುಡುಗಿ (9:48)

ಸರ್, ಒಂದು ಡೌಟು. ಸಕ್ಕರೆ ಅಣು ಒಡೆಯದೆ ಇಡಿಯಾಗೇ ಇರುತ್ತೆ ಅಂತ ಹೇಗೆ ಗೊತ್ತು? ಕರೆಂಟ್ ಹರಿಯಲ್ಲ ಅನ್ನುವುದರಿಂದಲೇ ಅಂದರೆ, ಅದನ್ನೇ ಕಾರಣ ಅದನ್ನೇ ಉತ್ತರ ಮಾಡಿದ ಹಾಗಾಗಲ್ವಾ?

ನಿವೃತ್ತ_ಮೇಷ್ಟ್ರು (10:20)

ತುಂಬಾ ಚೆನ್ನಾಗಿ ಕೇಳಿದೆಯಮ್ಮ. ಕರೆಂಟನ್ನು ಬದಿಗಿಟ್ಟು ಕಣಗಳನ್ನು ಎಣಿಸುವ ಇನ್ನೊಂದು ದಾರಿ ಇದೆ, ಅದು ಮಂಜುಗಡ್ಡೆ. ನೀರಿನಲ್ಲಿ ಏನಾದರೂ ಕರಗಿದ್ದರೆ ಅದು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ, ಇನ್ನೂ ಕೆಳಗೆ ಇಳಿಯಬೇಕು. ಎಷ್ಟು ಕೆಳಗೆ ಅನ್ನುವುದು ಕರಗಿದ ಕಣ ಯಾವುದು ಅನ್ನುವುದಕ್ಕಿಂತ ಎಷ್ಟಿವೆ ಅನ್ನುವುದರ ಮೇಲೆ ನಿಂತಿದೆ.

342 ಗ್ರಾಂ ಸಕ್ಕರೆಯಲ್ಲಿ ಎಷ್ಟು ಸಕ್ಕರೆ ಅಣು ಇವೆಯೋ, 58.5 ಗ್ರಾಂ ಉಪ್ಪಿನಲ್ಲಿ ಅಷ್ಟೇ NaCl ಜೋಡಿ ಇವೆ. ಒಂದೊಂದನ್ನೂ ಒಂದೊಂದು ಕೆಜಿ ನೀರಿಗೆ ಹಾಕು. ಸಕ್ಕರೆ ನೀರು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಉಪ್ಪು ನೀರು ಸುಮಾರು 3.4 ಡಿಗ್ರಿ ಕೆಳಗೆ, ಹತ್ತಿರ ಹತ್ತಿರ ಎರಡರಷ್ಟು. ಒಂದು ಜೋಡಿ ಹಾಕಿದರೆ ನೀರಿಗೆ ಎರಡು ಕಣ ಲೆಕ್ಕ ಸಿಕ್ಕಿತು ಅಂತ ಅರ್ಥ. ಸರಿಯಾಗಿ ಎರಡರಷ್ಟು ಯಾಕೆ ಆಗಲಿಲ್ಲ ಅಂದರೆ, ಉಪ್ಪು ಅಷ್ಟು ದಟ್ಟವಾಗಿದ್ದಾಗ ಪ್ಲಸ್ಸು ಮೈನಸ್ಸು ಒಂದನ್ನೊಂದು ಪೂರ್ತಿ ಮರೆತು ಇರುವುದಿಲ್ಲ. ನೀರು ಜಾಸ್ತಿ ಮಾಡಿದಷ್ಟೂ ಲೆಕ್ಕ ಎರಡಕ್ಕೆ ಹತ್ತಿರ ಬರುತ್ತದೆ.

ಇದರ ಹಿಂದೆ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಇದ್ದಾರೆ. ಅಯಾನು ಅನ್ನುವ ಹೆಸರನ್ನು ಫ್ಯಾರಡೆ 1834ರಲ್ಲೇ ತಂದಿದ್ದರು, ಆದರೆ ಕರೆಂಟ್ ಹಾಯಿಸಿದಾಗ ಮಾತ್ರ ಉಪ್ಪು ಒಡೆಯುತ್ತದೆ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. ಅರೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಡಾಕ್ಟರೇಟ್ ಪ್ರಬಂಧಕ್ಕೆ ಕೆಳದರ್ಜೆ ಸಿಕ್ಕಿತು. 1887ರಲ್ಲಿ ಅವರು ಬ್ಯಾಟರಿ ಇರಲಿ ಬಿಡಲಿ, ನೀರಿಗೆ ಬಿದ್ದಾಗಲೇ ಉಪ್ಪು ಅಯಾನುಗಳಾಗಿ ಬೇರೆಯಾಗಿರುತ್ತದೆ ಅಂತ ಖಚಿತವಾಗಿ ಹೇಳಿದರು. ಈ ಹೆಪ್ಪುಗಟ್ಟುವ ಲೆಕ್ಕ ಅವರಿಗೆ ದೊಡ್ಡ ಬಲ ಕೊಟ್ಟಿತು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು.

ಪಿಯುಸಿ_ಹುಡುಗಿ (10:34)

ಅರ್ಥ ಆಯಿತು ಸರ್, ಥ್ಯಾಂಕ್ಸ್. ಹಾಗಾದರೆ ಮೈನಸ್ ವೈರಿನಿಂದ ಎಲೆಕ್ಟ್ರಾನ್ ನೀರಿಗೆ ಇಳಿದು, ಸೋಡಿಯಂ ಮೇಲೆ ಕೂತು ಪ್ಲಸ್ ವೈರಿಗೆ ಹೋಗುತ್ತೆ ಅಲ್ವಾ?

ನಿವೃತ್ತ_ಮೇಷ್ಟ್ರು (ಭಾನುವಾರ, ಬೆಳಗ್ಗೆ 7:15)

ಇಲ್ಲಮ್ಮ, ಎಲೆಕ್ಟ್ರಾನ್ ನೀರನ್ನು ದಾಟುವುದೇ ಇಲ್ಲ. ಅದರ ದಾರಿ ವೈರಿನ ತುದಿಗೆ ಮುಗಿಯುತ್ತದೆ. ಸೋಡಿಯಂ ಹೋಗುವುದೂ ಮೈನಸ್ ವೈರಿನ ಕಡೆಗೇ, ನೀನು ಹೇಳಿದ್ದಕ್ಕೆ ತಿರುಗುಮುರುಗು.

ಮೈನಸ್ ತುದಿಯಲ್ಲಿ ಬಂದ ಎಲೆಕ್ಟ್ರಾನನ್ನು ತಗೊಳ್ಳುವುದು ಸೋಡಿಯಂ ಅಲ್ಲ, ನೀರೇ. ತಗೊಂಡು ಹೈಡ್ರೋಜನ್ ಗ್ಯಾಸ್ ಬಿಡುತ್ತದೆ, ಸಣ್ಣ ಗುಳ್ಳೆಗಳಾಗಿ ಕಾಣುವುದು ಅದೇ. ಪ್ಲಸ್ ತುದಿಯಲ್ಲಿ ಯಾರಾದರೂ ಎಲೆಕ್ಟ್ರಾನ್ ಕೊಡಬೇಕು. ಪೆನ್ಸಿಲ್ ಕಡ್ಡಿ ಇಟ್ಟಿದ್ದರೆ ಕ್ಲೋರೈಡ್ ಕೊಟ್ಟು ಕ್ಲೋರಿನ್ ಆಗುತ್ತದೆ, ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತದೆ. ತಾಮ್ರದ ವೈರು ಇಟ್ಟಿದ್ದರೆ ತಾಮ್ರವೇ ಎಲೆಕ್ಟ್ರಾನ್ ಕೊಟ್ಟು ಸವೆಯುತ್ತದೆ, ನೀರು ಕಲಕಿ ಹಸಿರಿಗೋ ಹಳದಿಗೋ ತಿರುಗುತ್ತದೆ. ಎರಡು ತುದಿಗಳ ನಡುವಿನ ನೀರಿನಲ್ಲಿ ಸಾಗುವುದು ಅಯಾನು ಮಾತ್ರ.

ಚಿಂತಾಮಣಿ_ಅಮ್ಮ (11:30)

ಡಿಸ್ಟಿಲ್ಡ್ ವಾಟರ್ ತಂದು ಮಾಡಿದೆವು. ಕಿಟಕಿ ಪರದೆ ಎಳೆದು ಕೋಣೆ ಕತ್ತಲೆ ಮಾಡಿಕೊಂಡೆವು. ಬರೀ ನೀರು: ಬೆಳಕಿಲ್ಲ. ಎರಡು ಚಮಚ ಸಕ್ಕರೆ: ಬೆಳಕಿಲ್ಲ! ಆಮೇಲೆ ಮಗಳು ಅದೇ ಸಕ್ಕರೆ ನೀರಿಗೆ ಉಪ್ಪನ್ನು ಚಿಟಿಕೆಗಿಂತ ಕಡಿಮೆ, ಬೆರಳ ತುದಿಗೆ ಅಂಟಿದಷ್ಟೇ ಉದುರಿಸಿದಳು. ಹರಳು ತಳಕ್ಕೆ ಇಳಿಯುವಾಗ ಏನೂ ಇಲ್ಲ. ಕಡ್ಡಿಯಲ್ಲಿ ಕದಡುತ್ತಿದ್ದ ಹಾಗೆ ಎಲ್‌ಇಡಿ ಮೆಲ್ಲಗೆ ಕೆಂಪಗಾಯಿತು. ಅವಳು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಂದು ನೋಡಿದರು.

ಮೈನಸ್ ವೈರಿನ ಸುತ್ತ ಸಾಲಾಗಿ ಸಣ್ಣ ಗುಳ್ಳೆಗಳೂ ಕಂಡವು. ಮೇಷ್ಟ್ರೇ, ಅವಳ ಹೊಸ ಪ್ರಶ್ನೆ: ಸೋಡಿಯಂ ಮೈನಸ್ ವೈರಿನ ಹತ್ತಿರ ಹೋಗಿ ಎಲೆಕ್ಟ್ರಾನ್ ತಗೊಳ್ಳದೆ ಅಲ್ಲಿ ಏನು ಮಾಡುತ್ತೆ?

ನಿವೃತ್ತ_ಮೇಷ್ಟ್ರು (12:10)

ಅದನ್ನು ಕಣ್ಣಿಂದಲೇ ನೋಡಬಹುದು, ಅಡುಗೆಮನೆಯ ಅರಿಶಿನ ಸಾಕು. ನೀರು ಎಲೆಕ್ಟ್ರಾನ್ ತಗೊಂಡು ಹೈಡ್ರೋಜನ್ ಬಿಟ್ಟಾಗ ಉಳಿಯುವುದು ಹೈಡ್ರಾಕ್ಸೈಡ್ ಅನ್ನುವ ಮೈನಸ್ ಅಯಾನು. ಸೋಡಿಯಂ ಅದಕ್ಕೆ ಜೊತೆಯಾಗಿ ಅಲ್ಲೇ ನಿಲ್ಲುತ್ತದೆ. ಅಂದರೆ ಮೈನಸ್ ವೈರಿನ ಸುತ್ತ ನೀರು ಕ್ಷಾರ ಆಗುತ್ತದೆ. ಸುಣ್ಣ ತಾಗಿದರೆ ಅರಿಶಿನ ಕೆಂಪಾಗುತ್ತದಲ್ಲ, ಇಲ್ಲೂ ಹಾಗೇ ಆಗಬೇಕು.

ಅಗಲವಾದ ತಟ್ಟೆಯಲ್ಲಿ ಉಪ್ಪು ನೀರು ಹಾಕಿ, ಅರಿಶಿನದ ಪುಡಿ ಒಂದು ಚಿಟಿಕೆ ಕಲಸಿ. ಪಿಂಗಾಣಿ ಅಥವಾ ಪ್ಲಾಸ್ಟಿಕ್ ತಟ್ಟೆ, ಸ್ಟೀಲ್ ಬೇಡ. ಎಲ್‌ಇಡಿ ತೆಗೆದು ವೈರು ನೇರವಾಗಿ ಬ್ಯಾಟರಿಗೆ ಕೊಡಿ, ನೀರಿನೊಳಗೆ ಎರಡು ತುದಿ ಒಂದಕ್ಕೊಂದು ತಾಗಬಾರದು. ಕದಡದೆ ಐದು ನಿಮಿಷ ಬಿಡಿ. ಕಿಟಕಿ ತೆಗೆದಿರಲಿ. ಬ್ಯಾಟರಿಯಲ್ಲಿ ಮಾತ್ರ ಮಾಡಿ, ಗೋಡೆಯ ಪ್ಲಗ್ಗಿನ ಹತ್ತಿರ ವೈರು ಹೋಗಲೇಬಾರದು. ಇದನ್ನು ಮಗಳಿಗೆ ಎರಡು ಸಲ ಹೇಳಿ.

ಹಿರಿಯೂರು_ರೈತ (12:45)

ಮೇಷ್ಟ್ರೇ ನಮಸ್ಕಾರ. ನನ್ನದೊಂದು ಪ್ರಶ್ನೆ. ಪಂಪ್‌ಸೆಟ್‌ಗೆ ಅರ್ಥಿಂಗ್ ಮಾಡುವಾಗ ಗುಂಡಿಗೆ ಉಪ್ಪು ಇದ್ದಿಲು ಹಾಕಿದ್ದೆವು. ಮೂರು ಮಳೆಗಾಲ ಆಯಿತು. ಈ ಬೇಸಿಗೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಅರ್ಥಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು ಹೊಯ್ದ ಮೇಲೆ ಕಡಿಮೆ ಆಯಿತು. ಇದೂ ನೀವು ಹೇಳುತ್ತಿರುವ ಅಯಾನಿನ ವಿಷಯವೇ?

ನಿವೃತ್ತ_ಮೇಷ್ಟ್ರು (1:05)

ಅದೇ ವಿಷಯ. ಮಣ್ಣು ಒಣಗಿದಾಗ ನಿಮ್ಮ ಗುಂಡಿಯ ಉಪ್ಪು ಒಣ ಉಪ್ಪಿನ ರಾಶಿ ಇದ್ದ ಹಾಗೆ. ಅಯಾನು ಇವೆ, ಓಡಾಡಲು ನೀರಿಲ್ಲ. ನೀರು ಹೊಯ್ದಾಗ ದಾರಿ ತೆರೆಯಿತು. ಇದ್ದಿಲು ತೇವ ಹಿಡಿದಿಡುತ್ತದೆ, ಅದಕ್ಕೇ ಜೊತೆಗೆ ಹಾಕುವುದು. ಮಳೆ ನೀರಿನ ಜೊತೆ ಉಪ್ಪು ಕೆಳಗೆ ಇಳಿದು ಹೋಗುತ್ತದೆ, ಪ್ರತಿ ಮಳೆಗಾಲವೂ ಸ್ವಲ್ಪ ಸ್ವಲ್ಪ ಕಳೆದುಹೋಗಿರುತ್ತದೆ.

ವೈರ್‌ಮನ್_ತುಮಕೂರು (1:20)

ಅಣ್ಣಾ, ಇದು ನನ್ನ ಕೆಲಸ, ನಾನು ಹೇಳುತ್ತೇನೆ. ನೀರು ಹೊಯ್ದು ಸುಮ್ನೆ ಇರಬೇಡಿ. ಪೆಟ್ಟಿಗೆ ಜುಮ್ ಅನ್ನುತ್ತಿದೆ ಅಂದರೆ ಒಳಗೆ ಎಲ್ಲೋ ಲೀಕೇಜ್ ಇದೆ, ಮೋಟರು ಕೇಬಲ್ಲು ಚೆಕ್ ಮಾಡಿಸಿ. ಅರ್ಥಿಂಗ್ ಚೆನ್ನಾಗಿದ್ದಿದ್ದರೆ ನಿಮಗೆ ಶಾಕ್ ಹೊಡೆಯುತ್ತಿರಲಿಲ್ಲ. ಆದರೆ ಲೀಕೇಜ್‌ಗೆ ಕಾರಣ ಅರ್ಥಿಂಗ್ ಅಲ್ಲ. ಅಲ್ಲಿವರೆಗೆ ಮೇನ್ ಇಳಿಸದೆ ಮುಟ್ಟಬೇಡಿ. ಉಪ್ಪು ಜಾಸ್ತಿ ಹಾಕಿದರೆ ಜಿಐ ಪೈಪನ್ನು ತಿಂದುಬಿಡುತ್ತೆ, ನಾನು ತೆಗೆದ ಎಷ್ಟೋ ಪೈಪುಗಳ ಕೆಳಭಾಗ ತೂತಾಗಿತ್ತು. ಈಗ ಬೆಂಟೋನೈಟ್ ಮಣ್ಣು ಹಾಕುತ್ತಾರೆ, ಅದು ನೀರು ಹಿಡಿದಿಡುತ್ತೆ.

ಹಿರಿಯೂರು_ರೈತ (1:34)

ಸರಿ ತಮ್ಮಾ, ನಾಳೆಯೇ ಮೋಟರು ನೋಡಿಸುತ್ತೇನೆ. ಇದ್ದ ಪೈಪಿಗೇ ಬೆಂಟೋನೈಟ್ ಹಾಕಬಹುದಾ, ಹೊಸ ಗುಂಡಿ ತೋಡಬೇಕಾ?

ವೈರ್‌ಮನ್_ತುಮಕೂರು (1:41)

ಪೈಪು ತೆಗೆದು ನೋಡದೆ ಹೇಳಲು ಆಗಲ್ಲ ಅಣ್ಣಾ. ಅಗೆದ ಮೇಲೆ ಫೋಟೋ ಹಾಕಿ.

ಶುದ್ಧನೀರು_ಹೊಸಕೋಟೆ (3:10)

ಇಲ್ಲಿ ಓದಿದ ಮೇಲೆ ನಾನೂ ಟಿಡಿಎಸ್ ಮೀಟರ್ ಹಿಡಿದುಕೊಂಡು ಕೂತೆ. ಆರ್‌ಒ ನೀರು ಒಂದು ಲೀಟರ್, ಮೀಟರಿನಲ್ಲಿ 40. ಅರ್ಧ ಲೋಟ ಸಕ್ಕರೆ ಕರಗಿಸಿದೆ. 100 ಗ್ರಾಂ ಆದರೂ ಇರುತ್ತೆ. ಮೀಟರಿನಲ್ಲಿ 33! ಜಾಸ್ತಿ ಆಗುವುದು ಬಿಟ್ಟು ಕಡಿಮೆ ಆಯಿತು. ಹತ್ತು ವರ್ಷದಿಂದ ಈ ಮೀಟರ್ ನೀರಿನಲ್ಲಿ ಕರಗಿದ್ದೆಲ್ಲವನ್ನೂ ತೂಗುತ್ತೆ ಅಂದುಕೊಂಡಿದ್ದೆ.

ಆಮೇಲೆ ಅಷ್ಟೇ ಬೆಲ್ಲ ಬೇರೆ ನೀರಿಗೆ ಹಾಕಿದೆ. ಅದು ನೂರುಗಳಲ್ಲಿ ಏರಿತು. ಬೆಲ್ಲವೂ ಸಕ್ಕರೆಯೇ ಅಲ್ವಾ?

ನಿವೃತ್ತ_ಮೇಷ್ಟ್ರು (3:40)

ಆ ಮೀಟರ್ ತೂಗುವುದಿಲ್ಲ. ಅದರ ತುದಿಯಲ್ಲಿ ಎರಡು ಸಣ್ಣ ಕಡ್ಡಿ ಇವೆ. ಅವುಗಳ ನಡುವೆ ಕರೆಂಟ್ ಎಷ್ಟು ಸುಲಭವಾಗಿ ಹೋಗುತ್ತದೆ ಅಂತ ಅಳೆದು, ಇಷ್ಟು ಕರೆಂಟಿಗೆ ಇಷ್ಟು ಉಪ್ಪು ಇರಬೇಕು ಅಂತ ಲೆಕ್ಕ ಹಾಕಿ ತೋರಿಸುತ್ತದೆ. ಮಗಳ ಎಲ್‌ಇಡಿ ಮಾಡಿದ ಕೆಲಸವನ್ನೇ ಇದು ಅಂಕಿಯಲ್ಲಿ ಹೇಳುತ್ತದೆ. ಒಂದು ಲೀಟರಿಗೆ ಒಂದು ಗ್ರಾಂ ಉಪ್ಪು ಹಾಕಿದರೆ 1000ದ ಆಸುಪಾಸು ತೋರಿಸುತ್ತದೆ, ಹಾಕಿದ ತೂಕಕ್ಕೆ ಸರಿಹೊಂದುತ್ತದೆ. ಸಕ್ಕರೆ ನೂರು ಗ್ರಾಂ ಇದ್ದರೂ ಅದರ ಪಾಲಿಗೆ ಇಲ್ಲ. ಮೀಟರ್ ಕಡಿಮೆ ತೋರಿಸಿದ ಮಾತ್ರಕ್ಕೆ ನೀರಿನಲ್ಲಿ ಏನೂ ಕರಗಿಲ್ಲ ಅಂತ ಹೇಳುವ ಹಾಗಿಲ್ಲ. ಅಯಾನು ಕಡಿಮೆ ಇದೆ ಅಂತ ಮಾತ್ರ ಹೇಳಬಹುದು.

ಬೆಲ್ಲದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಆದರೆ ಕಬ್ಬಿನ ಹಾಲನ್ನು ಹಾಗೇ ಕಾಯಿಸಿ ಗಟ್ಟಿ ಮಾಡುವುದರಿಂದ ಅದರಲ್ಲಿನ ಪೊಟ್ಯಾಸಿಯಂ ಮುಂತಾದ ಲವಣಗಳು ಅಲ್ಲೇ ಉಳಿದಿರುತ್ತವೆ. ಆಲೆಮನೆಯಲ್ಲಿ ಹಾಲಿಗೆ ಸುಣ್ಣವನ್ನೂ ಹಾಕುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಹರಳು ಕಟ್ಟಿಸುವಾಗ ಇವು ಕಾಕಂಬಿಯ ಜೊತೆ ಹೊರಗೆ ಹೋಗುತ್ತವೆ. ನಿಮ್ಮ ಮೀಟರ್ ಏರಿಸಿದ್ದು ಬೆಲ್ಲದ ಸಿಹಿಯಲ್ಲ, ಆ ಲವಣ.

ಪಿಯುಸಿ_ಹುಡುಗಿ (4:05)

40 ಇದ್ದದ್ದು 33 ಯಾಕಾಯಿತು ಅಂತ ಹೇಳಲೇ ಇಲ್ಲ ಸರ್. ಅಯಾನು ಎಲ್ಲಿಗೂ ಹೋಗಿಲ್ಲವಲ್ಲ.

ನಿವೃತ್ತ_ಮೇಷ್ಟ್ರು (4:30)

ಎರಡು ಕಾರಣ ಇವೆ. ಸಕ್ಕರೆ ಹಾಕಿದಾಗ ದ್ರವದ ಒಟ್ಟು ಅಳತೆ ಹೆಚ್ಚುತ್ತದೆ, 100 ಗ್ರಾಂಗೆ ಸುಮಾರು 60 ಮಿಲಿ. ಅಷ್ಟೇ ಅಯಾನು ಹೆಚ್ಚು ಜಾಗದಲ್ಲಿ ಹರಡಿತು. ಎರಡನೆಯದು, ಪಾಕ ನೀರಿಗಿಂತ ಮಂದ. ಮಂದವಾದ ದ್ರವದಲ್ಲಿ ಅಯಾನು ನಿಧಾನವಾಗಿ ಸರಿಯುತ್ತದೆ, ಕರೆಂಟ್ ಇಳಿಯುತ್ತದೆ.

ಅಯಾನು ಮೊದಲೇ ಬಹಳ ನಿಧಾನ. ಮಗಳ ಲೋಟದಲ್ಲಿ ಎರಡು ವೈರುಗಳ ನಡುವೆ ಎರಡು ಸೆಂಟಿಮೀಟರ್ ಇದ್ದರೆ, ಒಂದು ಸೋಡಿಯಂ ಅಯಾನು ಅದನ್ನು ದಾಟಲು ಕಡಿಮೆ ಅಂದರೂ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಆದರೂ ಎಲ್‌ಇಡಿ ಕೂಡಲೇ ಉರಿಯುತ್ತದೆ. ಹೊಲದ ಪೈಪು ಮೊದಲೇ ತುಂಬಿದ್ದರೆ ಮೋಟರ್ ಹಾಕಿದ ತಕ್ಷಣ ಆ ಕೊನೆಯಲ್ಲಿ ನೀರು ಬೀಳುತ್ತದಲ್ಲ, ಹಾಗೆ. ಲೋಟದ ತುಂಬ ಅಯಾನು ಇದ್ದೇ ಇವೆ, ಎಲ್ಲವೂ ಒಟ್ಟಿಗೆ ಒಂದು ಹೆಜ್ಜೆ ಸರಿದರೆ ಸಾಕು.

ಶುದ್ಧನೀರು_ಹೊಸಕೋಟೆ (5:15)

ಹಾಗಾದರೆ ದೊಡ್ಡ ಅಂಕಿಯಲ್ಲೇ ನೋಡೋಣ ಅಂತ ಮಾಡಿದೆ. ಒಂದು ಲೀಟರಿಗೆ ಒಂದು ಗ್ರಾಂ ಉಪ್ಪು, ಮೀಟರ್ 1010. ಅದಕ್ಕೆ 200 ಗ್ರಾಂ ಸಕ್ಕರೆ, ಈಗ 610. ಅಳತೆ ಹೆಚ್ಚಿದ್ದರಿಂದ ಮಾತ್ರ ಅಂದರೆ 900ದ ಹತ್ತಿರ ಇರಬೇಕಿತ್ತು. ಉಳಿದ ಮುನ್ನೂರು ಪೂರ್ತಿ ಮಂದ ಆಗಿದ್ದರಿಂದಲೇ? ಸಕ್ಕರೆ ಕರಗುವಾಗ ನೀರು ತಣ್ಣಗಾಗಿತ್ತು, ಅದೂ ಸೇರಿರಬಹುದಾ?

ಪಿಯುಸಿ_ಹುಡುಗಿ (5:28)

ಸಕ್ಕರೆ ಅಣು ಸ್ವಲ್ಪ ನೀರನ್ನು ತಾನೇ ಹಿಡಿದುಕೊಂಡಿರುವುದರಿಂದ ಅಯಾನಿಗೆ ನೀರು ಸಾಲದೆ ಹೋಯಿತು ಅಂತ ಆಗಲ್ವಾ?

ನಿವೃತ್ತ_ಮೇಷ್ಟ್ರು (5:50)

ಒಂದು ಗ್ರಾಂ ಉಪ್ಪಿಗೆ ಅಲ್ಲಿ ನೀರು ಬೇಕಾದಷ್ಟಿದೆಯಮ್ಮ, ಸಾಲದೆ ಹೋಗಲ್ಲ. ದೊಡ್ಡ ಪಾಲು ಮಂದ ಆಗಿದ್ದರದ್ದೇ. ತಣ್ಣಗಾದದ್ದನ್ನು ಕೆಲವು ಮೀಟರ್‌ಗಳು ತಾವೇ ಸರಿದೂಗಿಸುತ್ತವೆ, ಕೆಲವು ಇಲ್ಲ. ಹೊಸಕೋಟೆಯವರೇ, ಅದೇ ಪಾತ್ರೆಯನ್ನು ಮುಚ್ಚಿ ರಾತ್ರಿಯಿಡೀ ಬಿಡಿ. ಪಕ್ಕದಲ್ಲಿ ಇನ್ನೊಂದು ಲೀಟರ್ ಉಪ್ಪು ನೀರಿಗೆ ಸಕ್ಕರೆ ಬದಲು 125 ಮಿಲಿ ಆರ್‌ಒ ನೀರು ಸೇರಿಸಿ ಇಡಿ. ಬೆಳಗ್ಗೆ ಎರಡೂ ಕೋಣೆಯ ಬಿಸಿಗೆ ಬಂದಿರುತ್ತವೆ. ಆಗ ಎರಡನ್ನೂ ಅಳೆಯಿರಿ, ಅಂಕಿ ನೋಡಿ ಮಾತಾಡೋಣ.

ಶುದ್ಧನೀರು_ಹೊಸಕೋಟೆ (5:58)

ಈಗಲೇ ಇಡುತ್ತೇನೆ. ಬೆಳಗ್ಗೆ 7ಕ್ಕೆ ಹಾಕುತ್ತೇನೆ.

ಚಿಂತಾಮಣಿ_ಅಮ್ಮ (6:40)

ಅರಿಶಿನ ಮಾಡಿದೆವು. ಬಿಳಿ ಪಿಂಗಾಣಿ ತಟ್ಟೆ. ಮೊದಲ ಒಂದು ನಿಮಿಷ ಬರೀ ಗುಳ್ಳೆ. ಆಮೇಲೆ ಮೈನಸ್ ವೈರಿನ ಬುಡದಿಂದ ಹೊಗೆ ಏಳುವ ಹಾಗೆ ಕೆಂಪು ಎಳೆ ಎಳೆಯಾಗಿ ಹರಡಿತು, ನಮ್ಮ ಆರತಿ ತಟ್ಟೆಯ ಓಕುಳಿಯ ಬಣ್ಣ. ಪ್ಲಸ್ ವೈರಿನ ಕಡೆ ಹಳದಿ ಹಾಗೇ ಇತ್ತು, ಅದರ ತುದಿ ಮಾತ್ರ ಸವೆದು ಸುತ್ತ ಹಸಿರು ಕೆಸರು ನಿಂತಿತ್ತು.

ಅದೇ ತಟ್ಟೆ ತೊಳೆದು ಡಿಸ್ಟಿಲ್ಡ್ ವಾಟರಿನಲ್ಲಿ ಸಕ್ಕರೆ, ಅರಿಶಿನ ಹಾಕಿಯೂ ನೋಡಿದಳು. ಹತ್ತು ನಿಮಿಷ ಬಿಟ್ಟರೂ ಗುಳ್ಳೆಯೂ ಇಲ್ಲ, ಕೆಂಪೂ ಇಲ್ಲ. ಸೋಮವಾರಕ್ಕೆ ಎರಡು ತಟ್ಟೆ, ಎರಡು ಬ್ಯಾಟರಿ ತಗೊಂಡು ಹೋಗುತ್ತೇನೆ ಅಂತ ಚೀಲದಲ್ಲಿ ತುಂಬಿಸಿಟ್ಟಿದ್ದಾಳೆ. ಉಪ್ಪಿಗೂ ಸಕ್ಕರೆಗೂ ಬೇರೆ ಬೇರೆ ಚಮಚ ಇಟ್ಟುಕೊಂಡಿದ್ದಾಳೆ, ಹಿಡಿಗೆ ದಾರ ಕಟ್ಟಿ ಗುರುತು ಮಾಡಿ.